ಗುರುಲಿಂಗಮ್ಮ ಬರೆದ ಲೆಕ್ಕ

ನನಗೆ ಕನ್ನಡ ಬರೆಯಲು ಕಲಿಸಿದವಳು ಗುರುಲಿಂಗಮ್ಮ. ಆಗ ನನಗೆ ನಲವತ್ತು ದಾಟಿತ್ತು, ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ನಗುವವರು ನಗಲಿ. ಅವಳು ಕಲಿಸಿರದಿದ್ದರೆ ಇದನ್ನು ನಾನು ಬರೆಯುತ್ತಲೂ ಇರಲಿಲ್ಲ, ನೀವು ಓದುತ್ತಲೂ ಇರಲಿಲ್ಲ.

ನಾನು ಖಾದರಬಾಷಾ. ಮಸ್ಕಿಯ ಶಾಲೆಯಲ್ಲಿ ಉರ್ದು ಮತ್ತು ಕವಾಯತು ಕಲಿಸುತ್ತಿದ್ದೆ. ನಿಜಾಮರ ಕಾಲ ಮುಗಿದ ಮೇಲೆ, ಇನ್ನು ಪಾಠವೆಲ್ಲ ಕನ್ನಡದಲ್ಲೇ ಎಂದು ಹುಕುಂ ಬಂತು. ಬಾಯಲ್ಲಿ ಕನ್ನಡಕ್ಕೇನು ಬರ? ಮಸ್ಕಿಯ ಸಂತೆಯಲ್ಲಿ ನನ್ನಷ್ಟು ಜಗಳ ಕನ್ನಡದಲ್ಲಿ ಮಾಡಿದವರು ಇನ್ನೊಬ್ಬರಿಲ್ಲ. ಆದರೆ ಬರೆಯಲು ಕೂತರೆ ‘ಅ’ ಎಲ್ಲಿ ಸುತ್ತಬೇಕು, ‘ಆ’ ಎಲ್ಲಿ ಎಳೆಯಬೇಕು ಗೊತ್ತಿರಲಿಲ್ಲ. ಕಲಿಯದಿದ್ದರೆ ನೌಕರಿ ಹೋಗುತ್ತದೆ ಎಂದರು. ನಮ್ಮ ಶಾಲೆಯ ಲೆಕ್ಕದ ಮಾಸ್ತರ ಅಮರಗುಂಡಪ್ಪನ ಮನೆಗೆ ಹೋಗಿ ಕೂತೆ. ಅವನಿಗೆ ಪುರುಸೊತ್ತಿರಲಿಲ್ಲ, ಮಗಳನ್ನು ಕರೆದು ‘ಕಾಕಾಗ ನೀನಾ ಹೇಳಿಕೊಡು’ ಅಂದ.

ಆ ಮಗಳೇ ಗುರುಲಿಂಗಮ್ಮ. ಅವಳನ್ನು ಬಳಗಾನೂರಿಗೆ ಕೊಟ್ಟು ಮದುವೆ ಮಾಡಿದ್ದರು. ಸಂಸಾರ ಎಂದರೇನು ಎಂದು ತಿಳಿಯುವ ಮೊದಲೇ ಗಂಡ ವಿಷಮಜ್ವರದಲ್ಲಿ ಹೋದ. ಬಳೆ ತೆಗೆಸಿ ತವರಿಗೆ ಕಳಿಸಿದರು. ಬಂದ ಹೊಸತರಲ್ಲಿ ಹುಡುಗಿ ಅಡುಗೆಮನೆಯ ಮೂಲೆ ಬಿಟ್ಟು ಕದಲುತ್ತಿರಲಿಲ್ಲವಂತೆ. ತಾಯಿ ಸಂಗಮ್ಮ ಅತ್ತು ಅತ್ತು ಸೋತಳು. ಅಮರಗುಂಡಪ್ಪ ಅಳುವ ಜಾತಿಯವನಲ್ಲ. ಒಂದು ಪಾಟಿ, ಒಂದು ಬಳಪ ತಂದು ಮಗಳ ಮುಂದಿಟ್ಟು, ‘ಏಳು, ಈ ಲೆಕ್ಕ ಮಾಡು’ ಅಂದನಂತೆ. ಅವಳು ಮಾಡಿದಳು. ಮರುದಿನ ಇನ್ನೊಂದು ಕೇಳಿದಳು. ಹುಡುಗಿಯನ್ನು ಬದುಕಿಸಿದ್ದು ಆ ಪಾಟಿ ಎಂದು ಸಂಗಮ್ಮ ನನ್ನ ಹೆಂಡತಿ ಪೀರ್‌ಬೀಯ ಮುಂದೆ ಎಷ್ಟೋ ಸಲ ಹೇಳಿದ್ದಾಳೆ.

ಕಲಿಸುವುದರಲ್ಲಿ ಅವಳು ತಂದೆಯಂಥವಳಲ್ಲ. ಅಮರಗುಂಡಪ್ಪ ತಪ್ಪು ಕಂಡರೆ ಕಿವಿ ಹಿಂಡುವವನು. ಇವಳು ತಪ್ಪು ಕಂಡರೆ ನಗುವಳು, ಆಮೇಲೆ ಆ ತಪ್ಪು ಹೇಗೆ ಹುಟ್ಟಿತು ಎಂದು ಹುಡುಕುವಳು. ‘ಕಾಕಾ, ನೀವು ‘ಮ’ ಬರದೀನಿ ಅಂತ ತಿಳಕೊಂಡು ‘ವ’ ಬರದೀರಿ. ಯಾಕ ಗೊತ್ತೇನ್ರಿ? ಕೊನೀಗೆ ಕೈ ಅವಸರ ಮಾಡ್ತೈತಿ.’ ಹೌದು, ನನ್ನ ಕೈ ಅವಸರದ್ದೇ, ಬಾಯಿಯ ಹಾಗೆ. ಒಂದು ಮಳೆಗಾಲ ಕಳೆಯುವುದರಲ್ಲಿ ನಾನು ಕಾಗದ ಬರೆಯುವಂತಾದೆ. ಈ ಹುಡುಗಿ ಹುಟ್ಟಿದ್ದೇ ಮಾಸ್ತರಿಕೆ ಮಾಡಲು ಎಂದು ಅಮರಗುಂಡಪ್ಪನಿಗೆ ಅಂದೆ. ಅವನು ಮೀಸೆಯಲ್ಲೇ ನಕ್ಕ.

ಆ ಮನೆಯ ಪಡಸಾಲೆಯಲ್ಲೇ ನಾನು ಒಂಬತ್ತು ಕಳೆದು ತಾಳೆ ನೋಡುವುದನ್ನೂ ಕಲಿತೆ. ಅಮರಗುಂಡಪ್ಪನಿಗೆ ಅದೆಂದರೆ ಪ್ರಾಣ. ಉದ್ದದ ಕೂಡಿಸುವ ಲೆಕ್ಕ ಮಾಡಿದ ಮೇಲೆ ಅದನ್ನು ಮತ್ತೆ ಮೊದಲಿಂದ ಕೂಡಿಸುತ್ತಿರಲಿಲ್ಲ. ಪ್ರತಿ ಸಂಖ್ಯೆಯ ಅಂಕಿಗಳನ್ನು ಕೂಡಿಸುವುದು, ಒಂಬತ್ತು ಆದಾಗಲೆಲ್ಲ ಬಿಟ್ಟುಬಿಡುವುದು, ಉಳಿದದ್ದನ್ನು ಇಟ್ಟುಕೊಳ್ಳುವುದು. ಬಂದ ಮೊತ್ತಕ್ಕೂ ಹಾಗೇ ಮಾಡುವುದು. ಎರಡು ಕಡೆಯ ಉಳಿಕೆ ಒಂದೇ ಆದರೆ ತಾಳೆ ಬಂತು.

ಒಂದು ದಿನ ನನಗೂ ಒಂದು ಲೆಕ್ಕ ಹಾಕಿಕೊಟ್ಟ. ೪೫೮, ೨೭೬, ೩೧೫, ಮೂರನ್ನೂ ಕೂಡಿಸಬೇಕು. ನಾನು ಕೂಡಿಸಿ ೧೦೯೪ ಎಂದು ಬರೆದೆ. ಆಮೇಲೆ ಜಂಬದಿಂದ ಒಂಬತ್ತು ಕಳೆಯಲು ಶುರುಮಾಡಿದೆ. ನಾಲ್ಕು ಐದು ಎಂಟು ಹದಿನೇಳು, ಒಂಬತ್ತು ಹೋದರೆ ಎಂಟು. ಎರಡು ಏಳು ಆರು ಹದಿನೈದು, ಒಂಬತ್ತು ಹೋದರೆ ಆರು. ಮೂರು ಒಂದು ಐದು ಒಂಬತ್ತೇ, ಉಳಿದದ್ದು ಸೊನ್ನೆ. ಎಂಟು ಆರು ಹದಿನಾಲ್ಕು, ಅದರಲ್ಲಿ ಒಂಬತ್ತು ಹೋದರೆ ಐದು. ನನ್ನ ಮೊತ್ತ ೧೦೯೪, ಅಂಕಿ ಕೂಡಿಸಿದರೆ ಹದಿನಾಲ್ಕು, ಉಳಿಕೆ ಐದು. ‘ಬಂತು ತಾಳೆ! ಏನಂತ ತಿಳಿದೀರಿ ಖಾದರಬಾಷಾನ್ನ?’ ಎಂದು ಕೂಗಿದೆ.

ಗುರುಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ‘ಕಾಕಾ, ತಾಳೆ ಬಂದೈತಿ, ಲೆಕ್ಕ ತಪ್ಪೈತಿ. ಉತ್ತರ ೧೦೪೯. ನೀವು ನಾಲ್ಕು, ಒಂಬತ್ತು ಹಿಂದಮುಂದ ಮಾಡೀರಿ.’

‘ಹಂಗಾದ್ರ ಈ ತಾಳೆ ಯಾತಕ್ಕ ಬಂತು? ಸುಡ್ರಿ ಅದನ್ನ!’

ಅಮರಗುಂಡಪ್ಪ ಒಳಗಿನಿಂದಲೇ ಗದರಿದ. ‘ಸುಡಬ್ಯಾಡ್ರಿ ಮಾಸ್ತರ್ರ. ತಾಳೆ ಬರಲಿಲ್ಲ ಅಂದ್ರ ಲೆಕ್ಕ ತಪ್ಪು, ಅದರಾಗ ಎರಡು ಮಾತಿಲ್ಲ. ತಾಳೆ ಬಂತು ಅಂದ್ರ ಸರಿ ಇರಬಹುದು ಅಂತ ಅಷ್ಟಾ. ಅಂಕಿ ಅದಲುಬದಲು ಆದ್ರ ಅದಕ್ಕ ಕಾಣಂಗಿಲ್ಲ, ಯಾಕಂದ್ರ ಅಂಕಿ ಅವಾ ಅಲ್ಲೇನ್ರಿ, ಕೂಡಿಸಿದ್ರ ಅಷ್ಟಾ ಬರ್ತೈತಿ. ಒಂಬತ್ತರ ಜಾಗದಾಗ ಸೊನ್ನೆ ಬರೆದ್ರೂ ಕಾಣಂಗಿಲ್ಲ. ೧೦೪೦ ಅಂತ ಬರೀರಿ, ಐದಾ ಉಳಿತೈತಿ. ಗುಣಾಕಾರದಾಗ ಒಂದು ಸಾಲು ಒಂದು ಮನಿ ಸರದು ಕುಂತ್ರೂ ಕಾಣಂಗಿಲ್ಲ.’

ಇಷ್ಟು ಚೆನ್ನಾಗಿ ಹೇಳಿದವನು ಅವನು. ಇದನ್ನು ನೀವು ಮರೆಯಬೇಡಿ. ನಾನಂತೂ ಮರೆತಿಲ್ಲ.

ಸಂಗಮ್ಮನ ಅಣ್ಣ ದೊಡ್ಡಬಸಪ್ಪ ಲಿಂಗಸುಗೂರಿನಲ್ಲಿ ವ್ಯಾಪಾರಸ್ಥ. ತಂಗಿಯ ಮಗಳು ವಿಧವೆಯಾಗಿ ತವರಲ್ಲಿ ಕೂತಿರುವುದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ತುರ್ವಿಹಾಳದಲ್ಲಿ ಸೂಗಪ್ಪ ಎಂಬ ಒಬ್ಬ ಜಮೀನುದಾರ. ಹೆಂಡತಿ ತೀರಿಹೋಗಿದ್ದಳು, ಮೂರು ಮಕ್ಕಳು, ವಯಸ್ಸು ನನಗಿಂತ ಹೆಚ್ಚು. ಗುರುಲಿಂಗಮ್ಮನನ್ನು ಅವನಿಗೆ ಉಡಿಕೆ ಮಾಡಿ ಕೊಡೋಣ ಎಂದು ದೊಡ್ಡಬಸಪ್ಪ ಹಟ ಹಿಡಿದ. ವಿಧವೆಗೆ ಮತ್ತೆ ಸೀರೆ ಉಡಿಸಿ ಎರಡನೇ ಗಂಡನ ಮನೆಗೆ ಕಳಿಸುವ ಪದ್ಧತಿ ಅವರಲ್ಲುಂಟು, ತಪ್ಪೇನಿಲ್ಲ. ತಪ್ಪೇನೆಂದರೆ ಹುಡುಗಿಗೆ ಬೇಡವಾಗಿತ್ತು.

ಅದೇ ಹೊತ್ತಿಗೆ ಮಸ್ಕಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯುವ ಮಾತು ಬಂತು. ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆ ಪಾಸಾದ ಹೆಂಗಸು ಸಿಕ್ಕರೆ ಸಾಕು, ತಗೊಳ್ಳುತ್ತೇವೆ ಎಂದರು. ಸುತ್ತ ಹತ್ತು ಹಳ್ಳಿಯಲ್ಲಿ ಅಂಥವಳು ಒಬ್ಬಳೂ ಇರಲಿಲ್ಲ. ಗುರುಲಿಂಗಮ್ಮ ತಂದೆಯ ಮುಂದೆ ನಿಂತು, ‘ನಾ ಪರೀಕ್ಷೆಗೆ ಕುಂದ್ರತೀನಪ್ಪಾ’ ಅಂದಳು. ದೊಡ್ಡಬಸಪ್ಪನನ್ನು ಕರೆಸಿ ಮಾತಾಯಿತು. ಪಾಸಾದರೆ ಮಾಸ್ತರಿಕೆ, ಯಾರೂ ಉಡಿಕೆಯ ಸುದ್ದಿ ಎತ್ತಬಾರದು. ಫೇಲಾದರೆ ಸುಮ್ಮನೆ ತುರ್ವಿಹಾಳಕ್ಕೆ ಹೋಗಬೇಕು. ನನ್ನೆದುರಿಗೇ ಆದ ಮಾತು ಅದು. ‘ಫೇಲಾಗೋ ಮಾತಾ ಇಲ್ಲ’ ಎಂದು ನಾನು ನಡುವೆ ಬಾಯಿ ಹಾಕಿದೆ, ದೊಡ್ಡಬಸಪ್ಪ ನನ್ನನ್ನು ದುರುಗುಟ್ಟಿ ನೋಡಿದ.

ಆ ವರ್ಷವೆಲ್ಲ ಅವಳು ಓದಿದ್ದನ್ನು ಏನೆಂದು ಹೇಳಲಿ. ರೊಟ್ಟಿ ಬಡಿಯುತ್ತ ಹದಿನೇಳರ ಮಗ್ಗಿ, ಬಾವಿಯಿಂದ ನೀರು ತರುತ್ತ ಹತ್ತೊಂಬತ್ತರದು. ಪೀರ್‌ಬೀ ಅವಳ ಮುಖ ನೋಡಿ, ‘ಈ ಪೋರಿ ಕಣ್ಣಾಗ ಜೀವ ಬಂದೈತಿ ನೋಡ್ರಿ’ ಅನ್ನುತ್ತಿದ್ದಳು. ಐವತ್ತೆರಡರ ಬೇಸಿಗೆಯಲ್ಲಿ ಲಿಂಗಸುಗೂರಿನಲ್ಲಿ ಪರೀಕ್ಷೆ ಆಯಿತು. ಕೂತವರಲ್ಲಿ ಹೆಣ್ಣು ಅವಳೊಬ್ಬಳೇ. ಲೆಕ್ಕದ ಪರೀಕ್ಷೆ ಮುಗಿಸಿ ಬಂದವಳು ಪ್ರಶ್ನೆ ಕಾಗದವನ್ನು ನನ್ನ ಮುಂದೆ ಹಿಡಿದು, ‘ಕಾಕಾ, ಒಂದೆರಡು ಬಿಟ್ರ ಎಲ್ಲಾ ಬಂದಾವ್ರಿ! ಎಲ್ಲಾದಕ್ಕೂ ತಾಳೆ ನೋಡೀನಿ’ ಅಂದಳು. ನಾನು ಆ ಖುಷಿಗೆ ಇಡೀ ಓಣಿಗೆ ಬೆಲ್ಲ ಹಂಚಿದೆ. ಮಕ್ಕಳಿಲ್ಲದ ನಮಗೆ ಅವಳೇ ಮಗಳಂತೆ ಆಗಿದ್ದಳು.

ಪೇಪರುಗಳನ್ನು ಬೇರೆ ಬೇರೆ ಊರಿನ ಮಾಸ್ತರರು ತಿದ್ದಿದರು. ಯಾವ ನಂಬರಿಗೆ ಎಷ್ಟು ಮಾರ್ಕು ಎಂದು ಒಂದೊಂದು ವಿಷಯಕ್ಕೆ ಒಂದೊಂದು ಚೀಟಿ. ಆ ಚೀಟಿಗಳನ್ನೆಲ್ಲ ನೋಡಿ ಒಂದು ದೊಡ್ಡ ಹಾಳೆಗೆ ಇಳಿಸಿ ಒಂದೊಂದು ವಿಷಯದ ಮೊತ್ತ ಹಾಕಬೇಕಿತ್ತು. ಆ ಕೆಲಸಕ್ಕೆ ಅಮರಗುಂಡಪ್ಪನನ್ನು ಕರೆದರು. ‘ನನ್ನ ಮಗಳು ಕುಂತಾಳ್ರಿ, ಬ್ಯಾರೆಯವರಿಗೆ ಹೇಳ್ರಿ’ ಅಂದನಂತೆ. ‘ನಿಮ್ಮಷ್ಟು ಲಗೂನ ಕೂಡಿಸವರು ಯಾರದಾರ? ನಿಮ್ಮ ಮ್ಯಾಲೆ ಯಾರಿಗೆ ಅನುಮಾನ?’ ಅಂದರಂತೆ ಅವರು. ಹೊಗಳಿದರೆ ಯಾರು ಬಾಗುವುದಿಲ್ಲ? ಇವನೂ ಬಾಗಿದ. ಇಳಿಸಿದ, ಕೂಡಿಸಿದ. ಚೀಟಿಯಲ್ಲಿದ್ದ ಮಾರ್ಕುಗಳಿಗೆಲ್ಲ ಒಂಬತ್ತು ಕಳೆದು ಉಳಿಕೆ ತೆಗೆದ, ತನ್ನ ಹಾಳೆಯ ಮೊತ್ತಕ್ಕೂ ಉಳಿಕೆ ತೆಗೆದ. ಎಲ್ಲ ವಿಷಯಕ್ಕೂ ತಾಳೆ ಬಂತು. ರುಜು ಹಾಕಿ ಮನೆಗೆ ಬಂದ.

ಬಂದವನ ಮುಖ ನೋಡಿಯೇ ಸಂಗಮ್ಮ ಗೋಡೆ ಹಿಡಿದುಕೊಂಡಳು. ನಾನು ಅಲ್ಲೇ ಇದ್ದೆ. ‘ಲೆಕ್ಕದಾಗ ಇಪ್ಪತ್ತೆಂಟು’ ಅಂದ. ಪಾಸಾಗಲು ಮೂವತ್ತೈದು ಬೇಕು. ಉಳಿದ ವಿಷಯಗಳಲ್ಲೆಲ್ಲ ಒಳ್ಳೆಯ ಮಾರ್ಕು ಬಂದಿತ್ತು, ಲೆಕ್ಕ ಒಂದರಲ್ಲಿ ಫೇಲು.

‘ಅಪ್ಪಾ, ಇಪ್ಪತ್ತೆಂಟು ಬರಂಗಿಲ್ಲ’ ಅಂದಳು ಗುರುಲಿಂಗಮ್ಮ. ಅವಳ ದನಿಯಲ್ಲಿ ಅಳು ಇರಲಿಲ್ಲ. ಪ್ರಶ್ನೆ ಕಾಗದ ತಂದು ಬಿಚ್ಚಿದಳು. ‘ನೋಡು, ನಾ ಮಾಡೀನಿ. ತಾಳೆನೂ ನೋಡೀನಿ.’

‘ತಾಳೆ ನೋಡಿದ್ರ ಆತೇನು? ತಾಳೆಗೆ ಕಾಣದ ತಪ್ಪು ಇರ್ತಾವ ಅಂತ ಎಷ್ಟು ಸಲ ಬಡಕೊಂಡೀನಿ?’ ಅಮರಗುಂಡಪ್ಪ ಕಾಗದದ ಮೇಲೆ ಬೆರಳಿಟ್ಟ. ‘ಇದನ್ನ ನೋಡು. ೩೪೭ ಗುಣಿಲೆ ೨೦೬. ನಡುವ ಸೊನ್ನೆ ಐತಿ. ಆರರಿಂದ ಗುಣಿಸಿದ್ರ ೨೦೮೨. ಎರಡರಿಂದ ಗುಣಿಸಿದ್ರ ೬೯೪, ಅದು ಎರಡು ಮನಿ ಸರದು ಕುಂದ್ರಬೇಕು. ನೀ ಒಂದಾ ಮನಿ ಸರಸಿರ್ತಿ. ಆವಾಗ ೬೯೪೦ ಕೂಡಿಸಿದ್ರ ೯೦೨೨ ಬರ್ತೈತಿ. ಅಂಕಿ ಕೂಡಿಸು. ಹದಿಮೂರು, ಉಳಿಕೆ ನಾಲ್ಕು. ಸರಿ ಉತ್ತರ ೭೧೪೮೨. ಅದನ್ನೂ ಕೂಡಿಸು. ಇಪ್ಪತ್ತೆರಡು, ಅದಕ್ಕೂ ನಾಲ್ಕಾ. ಎರಡಕ್ಕೂ ತಾಳೆ ಬರ್ತೈತಿ. ಇಂಥಾ ತಪ್ಪು ಮಾಡಿ, ತಾಳೆ ಬಂತು ಅಂತ ಕುಣದುಕೋತ ಬಂದಿ.’

‘ಇಲ್ಲಪ್ಪಾ. ನಾ ೭೧೪೮೨ ಬರದೀನಿ. ಮುನ್ನೂರು ಇನ್ನೂರಲೆ ಅರವತ್ತು ಸಾವಿರ. ಉತ್ತರ ಅದಕ್ಕಿಂತ ಹೆಚ್ಚಾ ಬರಬೇಕು. ಒಂಬತ್ತು ಸಾವಿರ ಹೆಂಗ ಬರೀಲಿ ನಾನು?’

‘ಇಲ್ಲಿ ಕುಂತು ಹೇಳೂದು ಬ್ಯಾರೆ. ಅಲ್ಲಿ ಅಷ್ಟು ಮಂದಿ ಗಂಡಸರ ನಡುವ ಕುಂತು, ಕೈ ನಡುಗಿ ಬರೆಯೂದು ಬ್ಯಾರೆ. ಒಂದರಾಗ ಮಾಡಿದ್ದು ಹತ್ತರಾಗ ಮಾಡಿರ್ತಿ.’

ನನಗೆ ತಲೆ ಕಾದುಹೋಯಿತು. ‘ಮಾಸ್ತರ್ರ, ಹುಡುಗಿ ತಪ್ಪು ಮಾಡ್ಯಾಳ ಅಂತೀರಿ, ಸರಿ. ಆ ಹಾಳೆ ಇಳಿಸಿದವರು ತಪ್ಪು ಮಾಡಿರಬಾರದೇನು?’

‘ಇಳಿಸಿದವನು ನಾನು. ತಾಳೆ ನೋಡೀನಿ. ಬಂದೈತಿ.’

‘ತಾಳೆಗೆ ಕಾಣದ ತಪ್ಪು ಇರ್ತಾವ ಅಂತ ಈಗಷ್ಟಾ ನೀವಾ ಅಂದ್ರಿ!’

ಅವನು ಮುಖ ಕೆಂಪಗೆ ಮಾಡಿಕೊಂಡು ಎದ್ದು ಒಳಗೆ ಹೋದ. ನಾನು ಬಿಡಲಿಲ್ಲ. ಒಂದು ಅರ್ಜಿ ಹಾಕಿದರೆ ಪೇಪರು ತೆಗೆದು ಮತ್ತೆ ನೋಡುತ್ತಾರೆ, ಅದಕ್ಕೆ ತಂದೆಯ ರುಜು ಒಂದೇ ಬೇಕು. ಮೂರು ಸಲ ನಾನೇ ಅರ್ಜಿ ಬರೆದು ಒಯ್ದೆ, ಅವಳು ಕಲಿಸಿದ ಅಕ್ಷರದಲ್ಲೇ. ಮೂರು ಸಲವೂ ಹರಿದ. ‘ಮಾಸ್ತರನ ಮಗಳು ಫೇಲಾದಳು, ಅದಕ್ಕ ಮಾಸ್ತರ ಪೇಪರ್ ತೆಗಸ್ಯಾನ ಅಂತ ಊರು ಆಡಿಕೊಳ್ಳಬೇಕೇನು? ಬ್ಯಾರೆಯವರ ಮಕ್ಕಳು ಫೇಲಾದಾಗ ನಾ ಸುಮ್ಮನಿದ್ದೆ. ನನ್ನ ಮಗಳಿಗೆ ಒಂದು ನ್ಯಾಯ, ಅವರಿಗೆ ಒಂದು ನ್ಯಾಯ ಏನ್ರಿ?’ ಅಂದ. ಅವನ ನ್ಯಾಯಕ್ಕೆ ಬೆಂಕಿ ಬೀಳಲಿ ಎಂದು ಅವನ ಬಾಗಿಲಲ್ಲೇ ನಿಂತು ಕೂಗಿ ಬಂದೆ. ಕೆಲವು ತಿಂಗಳು ಮಾತು ಬಿಟ್ಟೆ.

ಅಷ್ಟರಲ್ಲಿ ಹುಡುಗಿಯೇ ತಣ್ಣಗಾದಳು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಪೀರ್‌ಬೀಯ ಪಕ್ಕದಲ್ಲಿ ಕೂತು, ‘ಕಾಕಾ, ಅಪ್ಪನ ಕೂಡ ಜಗಳ ಬ್ಯಾಡ್ರಿ. ಅಪ್ಪ ಎಂದಾದ್ರೂ ತಪ್ಪು ಕೂಡಿಸ್ಯಾನೇನು? ತಪ್ಪಿದ್ದು ನಾನಾ ಇರಬೇಕು’ ಅಂದಳು. ನಾನು ಬೈದೆ, ಪೀರ್‌ಬೀ ಅತ್ತಳು. ದೀಪಾವಳಿ ಮುಗಿದ ಮೇಲೆ ಉಡಿಕೆ ಆಯಿತು. ನಾಲ್ಕು ಜನರ ಮುಂದೆ ಸೀರೆ ಉಡಿಸಿ ಬಂಡಿ ಹತ್ತಿಸಿದರು. ಬಂಡಿ ಮಸ್ಕಿ ದಾಟುವವರೆಗೂ ನಾನು ಹಿಂದೆ ನಡೆದೆ. ಹೆಣ್ಣುಮಕ್ಕಳ ಶಾಲೆಗೆ ಯಾರೂ ಸಿಗದೆ ಅದು ಆ ವರ್ಷ ತೆರೆಯಲೇ ಇಲ್ಲ.

ಸೂಗಪ್ಪ ಕೆಟ್ಟವನೇನಲ್ಲ. ಆ ಮಾತನ್ನೂ ಹೇಳಬೇಕು. ಹೊಡೆಯುವವನಲ್ಲ, ಕುಡಿಯುವವನಲ್ಲ. ಆದರೆ ಹೊಲ, ಆಳು, ಎತ್ತು ಬಿಟ್ಟು ಬೇರೆ ಮಾತು ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಂದು ತುಂಡು ಕಾಗದ ಕೂಡ ಇರಲಿಲ್ಲ ಎಂದು ನೋಡಿ ಬಂದವರು ಹೇಳಿದರು.

ಎರಡು ವರ್ಷ ಹೋಯಿತು. ಲಿಂಗಸುಗೂರಿನಲ್ಲಿ ಮಾಸ್ತರರ ಒಂದು ಸಭೆ ಕರೆದರು. ಅಷ್ಟು ಹೊತ್ತಿಗೆ ನಾನೂ ಅಮರಗುಂಡಪ್ಪನೂ ಮತ್ತೆ ಮಾತಾಡುತ್ತಿದ್ದೆವು. ಒಂದೇ ಶಾಲೆಯಲ್ಲಿ ಎಷ್ಟು ದಿನ ಮುಖ ತಿರುಗಿಸಿಕೊಂಡು ಇರಲು ಬರುತ್ತದೆ? ಸಭೆ ಮುಗಿಸಿ ಬಸ್ ನಿಲ್ಲುವಲ್ಲಿಯ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಸಿಂಧನೂರಿನ ಶಾಮೀದಸಾಬ ಎಂಬ ಮಾಸ್ತರ ನಮ್ಮ ಬೆಂಚಿಗೇ ಬಂದು ಕೂತರು. ಹಿರಿಯರು, ಬಿಳಿ ಗಡ್ಡ, ಲೆಕ್ಕದಲ್ಲಿ ಹೆಸರಾದವರು.

ಮಸ್ಕಿಯವರು ಎಂದು ತಿಳಿದ ಕೂಡಲೇ ಕೇಳಿದರು. ‘ನಿಮ್ಮೂರಾಗ ಒಬ್ಬಾಕಿ ಹೆಣ್ಣುಮಗಳು ಏಳನೇ ಪರೀಕ್ಷೆಗೆ ಕುಂತಿದ್ದಳಲ್ರಿ, ಐವತ್ತೆರಡರಾಗ? ಲೆಕ್ಕದ ಪೇಪರ್ ತಿದ್ದಿದವನು ನಾನಾ. ಹೆಣ್ಣುಮಗಳ ಪೇಪರ್ ಅಂತ ಒಂದಾ ಇತ್ತು, ಅದಕ್ಕ ನೆನಪು ಉಳದೈತಿ. ಏನು ಅಚ್ಚುಕಟ್ಟು! ಮಗ್ಗಲಾಗ ಸಣ್ಣಗೆ ತಾಳೆನೂ ಬರದಿದ್ದಳು. ಎಂಬತ್ತೆರಡು ಹಾಕೀನಿ ನಾನು. ಆ ಕೇಂದ್ರಕ್ಕ ಅದಾ ಹೆಚ್ಚಿಂದು. ಈಗ ಎಲ್ಲಿ ಮಾಸ್ತರಿಕೆ ಮಾಡಾಕತ್ತಾಳ?’

ನಾನು ಬಸಿಯಲ್ಲಿದ್ದ ಚಹಾ ಚೆಲ್ಲಿದೆ. ಅಮರಗುಂಡಪ್ಪ ಅಲುಗಲಿಲ್ಲ. ‘ಇಪ್ಪತ್ತೆಂಟಲ್ಲೇನ್ರಿ?’ ಅಂದ. ಆ ದನಿ ಅವನದಲ್ಲ.

‘ಇಪ್ಪತ್ತೆಂಟು ಯಾಕ್ರಿ? ಎಂಬತ್ತೆರಡು! ೩೪೭ ಗುಣಿಲೆ ೨೦೬, ಆ ಲೆಕ್ಕ ಅರ್ಧಕ್ಕರ್ಧ ಹುಡುಗರು ತಪ್ಪಿಸಿದ್ರು. ಸೊನ್ನಿ ಮ್ಯಾಲೆ ಎಡವಿದ್ರು. ಆಕಿ ಸರಿ ಮಾಡಿದ್ದಳು. ನನ್ನ ಮನಿಯಾಕಿ ಲಾಲ್‌ಬೀಗೆ ಆ ಪೇಪರ್ ತೋರಿಸೀನಿ ನಾನು, ನೋಡು ಹೆಣ್ಣುಮಕ್ಕಳು ಹೆಂಗ ಓದ್ತಾರ ಅಂತ.’

ಅಮರಗುಂಡಪ್ಪ ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳು ಅದ್ದಿ ೮೨ ಎಂದು ಬರೆದ. ಪಕ್ಕದಲ್ಲಿ ೨೮ ಎಂದು ಬರೆದ. ಎಂಟು ಎರಡು ಹತ್ತು, ಉಳಿಕೆ ಒಂದು. ಎರಡು ಎಂಟು ಹತ್ತು, ಉಳಿಕೆ ಒಂದು. ‘ಎಂಬತ್ತೆರಡರಾಗ ಇಪ್ಪತ್ತೆಂಟು ಹೋದ್ರ ಐವತ್ತನಾಲ್ಕು. ಒಂಬತ್ತಾರಲೆ ಐವತ್ತನಾಲ್ಕು’ ಎಂದು ತನಗೆ ತಾನೇ ಅಂದ. ‘ತಾಳೆ ಬಂದಾ ಬರ್ತೈತಿ. ಬರಲಾರದ ಏನು ಮಾಡೀತು? ಚೀಟಿಯಾಗಿನ ಮಾರ್ಕು ಒಂದು ಸಲ ಪೂರಾ ಕೂಡಿಸಿದ್ರ ನನ್ನ ಹಾಳಿ ಮೊತ್ತ ಐವತ್ತನಾಲ್ಕು ಕಮ್ಮಿ ಅಂತ ಗೊತ್ತಾಗ್ತಿತ್ತು. ನಾ ಕೂಡಿಸಲಿಲ್ಲ.’

ಆಮೇಲೆ ಅವನು ಹೇಳಿದ ಮಾತು ಕೇಳಿ ನನ್ನ ಸಿಟ್ಟೂ ಸತ್ತಿತು. ‘ಬಾಷಾ ಮಾಸ್ತರ್ರ, ಆಕಿ ನಂಬರ್ ಬಂದಾಗ ನಾ ಸರಿಯಾಗಿ ನೋಡಲಿಲ್ರಿ. ಮಗಳ ನಂಬರ್ ಮ್ಯಾಲೆ ಕಣ್ಣು ನಿಲ್ಲಿಸಬಾರದು ಅಂತ ಲಗೂನ ದಾಟಿದೆ. ಉಳಿದವರ ಹುಡುಗರದು ಎರಡೆರಡು ಸಲ ನೋಡಿ ಇಳಸೀನಿ. ಆಕೀದು ಒಂದಾ ಸಲ, ಕಣ್ಣಂಚಿನಾಗ.’

ಶಾಮೀದಸಾಬರಿಗೆ ಆಗ ತಿಳಿಯಿತು, ಆ ಹುಡುಗಿ ಯಾರ ಮಗಳು ಎಂದು. ‘ಯಾ ಅಲ್ಲಾ’ ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮೂವರೂ ಎದ್ದು ಪರೀಕ್ಷೆಯ ಕಚೇರಿಗೆ ಹೋದೆವು. ವರ್ಷ ಕಳೆದ ಪೇಪರುಗಳನ್ನೂ ಚೀಟಿಗಳನ್ನೂ ಸುಟ್ಟುಹಾಕುವ ನಿಯಮವಂತೆ, ಸುಟ್ಟಾಗಿತ್ತು. ಉಳಿದಿದ್ದದ್ದು ಅಮರಗುಂಡಪ್ಪ ರುಜು ಹಾಕಿದ ಹಾಳೆ ಒಂದೇ. ಅದರಲ್ಲಿ ಇಪ್ಪತ್ತೆಂಟೇ ಇತ್ತು. ಬಾಯಿಮಾತಿನ ಮೇಲೆ ಮಾರ್ಕು ತಿದ್ದಲು ಬರುವುದಿಲ್ಲ ಎಂದರು. ಅವರದೂ ತಪ್ಪಲ್ಲ.

ಮರುದಿನವೇ ನಾವಿಬ್ಬರೂ ತುರ್ವಿಹಾಳಕ್ಕೆ ಹೊರಟೆವು. ‘ನಾ ಒಬ್ಬನಾ ಹೋಗಲಾರೆ, ನೀವು ಬರ್ರಿ’ ಎಂದು ಅವನು ನನ್ನ ಕೈ ಹಿಡಿದ. ದಾರಿಯುದ್ದಕ್ಕೂ ಹೊಸ ಕಾಲುವೆ ತೋಡುತ್ತಿದ್ದರು, ಮಣ್ಣು ಹೊರುವ ಹೆಂಗಸರ ಸಾಲು ಕಣ್ಣಳತೆಯವರೆಗೂ ಕಾಣುತ್ತಿತ್ತು. ಅವನು ಯಾವುದನ್ನೂ ನೋಡಲಿಲ್ಲ.

ನಾವು ಹೋದಾಗ ಅವಳು ಅಂಗಳದಲ್ಲಿ ಒಲೆ ಹೂಡಿ, ಹೊಲದ ಆಳುಗಳಿಗೆ ಬುತ್ತಿ ಕಟ್ಟುತ್ತಿದ್ದಳು. ಸೊಂಟದ ಮೇಲೆ ವರ್ಷದೊಳಗಿನ ಕೂಸು. ತೆಳ್ಳಗಾಗಿದ್ದಳು. ನನ್ನನ್ನು ನೋಡಿ ‘ಕಾಕಾ!’ ಎಂದು ನಕ್ಕಳು, ಪೀರ್‌ಬೀಯ ಸುದ್ದಿ ಕೇಳಿದಳು. ಅಷ್ಟರಲ್ಲಿ ಸೂಗಪ್ಪ ಹೊರಗಿನಿಂದ, ಹದಿನಾಲ್ಕು ಮಂದಿ ಬಂದಾರ, ತಲಿಗೆ ಮೂರು ರೊಟ್ಟಿ ಎಂದು ಕೂಗಿ ಹೇಳಿದ. ಅವಳು ಸೂಗಪ್ಪನ ಮೊದಲ ಹೆಂಡತಿಯ ಮಗಳನ್ನು ಕರೆದು, ‘ಶಿವಬಸಮ್ಮ, ಎಷ್ಟು ಆತವ್ವ? ನೀನಾ ಹೇಳು. ನನಗ ಲೆಕ್ಕ ಬರಂಗಿಲ್ಲ’ ಅಂದಳು. ಆ ಪುಟ್ಟ ಹುಡುಗಿ ಬೆರಳು ಮಡಚುತ್ತ ಎಣಿಸತೊಡಗಿದಳು. ಇವಳು ಕೈಕಟ್ಟಿ ಕಾಯುತ್ತ ನಿಂತಳು.

ಹದಿನೇಳರ ಮಗ್ಗಿಯನ್ನು ರೊಟ್ಟಿ ಬಡಿತದ ತಾಳಕ್ಕೆ ಹೇಳುತ್ತಿದ್ದವಳು.

ಅಮರಗುಂಡಪ್ಪ ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ. ನಿಂತಲ್ಲೇ ಹೇಳಿದ. ‘ಗುರುಲಿಂಗವ್ವ, ನೀ ಪಾಸಾಗಿದ್ದಿ. ಎಂಬತ್ತೆರಡು ಬಂದಿತ್ತು ನಿನಗ. ನಾ ತಿರುವಿ ಬರದೆ. ತಪ್ಪು ನಂದು. ನೀ ೭೧೪೮೨ ಅಂತಾ ಬರದಿದ್ದಿ. ತಿದ್ದಿದವರು ನನ್ನ ಮುಂದ ಹೇಳ್ಯಾರ.’

ಅವಳು ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಸಿಟ್ಟು ಬರುತ್ತದೆ, ಕೂಗುತ್ತಾಳೆ ಎಂದು ನಾನು ಕಾದೆ. ಕೂಗಲಿ ಎಂದೇ ಬೇಡುತ್ತಿದ್ದೆ.

‘ಇಲ್ಲಪ್ಪಾ’ ಅಂದಳು ಮೆಲ್ಲಗೆ. ‘ನೀ ನನ್ನ ಸಮಾಧಾನಕ್ಕ ಹೇಳಾಕತ್ತಿ.’

‘ಖರೇನಾ ಯವ್ವಾ! ನಿನ್ನ ಆಣಿ!’

‘ಹಂಗಾದ್ರ ನನಗ ಯಾಕ ನೆನಪೈತಿ?’ ಅವಳ ಕಣ್ಣು ಎಲ್ಲೋ ದೂರ ಇತ್ತು. ‘ಮೊದಲು ನನಗ ೭೧೪೮೨ ಬರದದ್ದಾ ನೆನಪಿತ್ತು. ನೀ ಹೇಳಿದ ಮ್ಯಾಲೆ ದಿನಾ ಅದನ್ನಾ ವಿಚಾರ ಮಾಡಿದೆ. ಮಾಡಿ ಮಾಡಿ, ಕಡೀಗೆ ನನಗ ಕಾಣಾಕ ಹತ್ತಿತು. ಆ ಕಾಗದದ ಮ್ಯಾಲೆ ನನ್ನ ಕೈಲೇ ೯೦೨೨ ಬರದದ್ದು, ಒಂದು ಮನಿ ಬಿಟ್ಟು ೬೯೪ ಇಟ್ಟದ್ದು, ಎಲ್ಲಾ ಕಣ್ಣಿಗೆ ಕಟ್ಟಿದಂಗ ಕಾಣ್ತೈತಪ್ಪಾ. ಈಗಲೂ ಅದಾ ಕಾಣ್ತೈತಿ. ಸರಿ ಬರದದ್ದು ನೆನಪಾ ಇಲ್ಲ.’

ಅಮರಗುಂಡಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಎದೆ ಬಡಿದುಕೊಂಡು, ಸಣ್ಣ ಹುಡುಗರ ಹಾಗೆ ಅತ್ತ. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು, ಬಂದು ಅವನ ಪಕ್ಕ ಕೂತು, ಸೆರಗಿನಿಂದ ಅವನ ಮುಖ ಒರೆಸಿದಳು.

‘ಅಳಬ್ಯಾಡ ಸುಮ್ಮನಿರು. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಅಪ್ಪಾ, ಒಂದು ಕೇಳ್ತೀನಿ, ಹೇಳು. ನಾ ಖರೇನಾ ಸರಿ ಬರದಿದ್ನೇನು?’

‘ಬರದಿದ್ದಿ ಯವ್ವಾ, ಬರದಿದ್ದಿ.’

‘ಇನ್ನೊಂದು ಸಲ ಹೇಳು’ ಅಂದಳು.

ಅವನು ಹೇಳಿದ. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ. ಪ್ರತಿ ಸಲವೂ ಅವಳು ಕಣ್ಣು ಮುಚ್ಚಿ ಆ ಕಾಗದದ ಮೇಲೆ ೭೧೪೮೨ ಹುಡುಕುವಳು, ಆಮೇಲೆ ಇಲ್ಲ ಎಂದು ತಲೆಯಾಡಿಸುವಳು.